ಖೋ ಖೋ ಕೋಚ್ ಮುಖ್ಯ ಅತಿಥಿ: ಒಂದು ನಿಮಿಷದ ಪರಿಚಯ ಬರೆದ ಬಗೆ

ನಮ್ಮದು ಮೈಸೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಕನ್ನಡ ಶಿಕ್ಷಕಿಯಾದ್ದರಿಂದ ಶಾಲೆಯಲ್ಲಿ ಯಾವ ಸಮಾರಂಭ ನಡೆದರೂ ನಿರೂಪಣೆಯ ಹೊಣೆ ಕೇಳದೆಯೇ ನನ್ನ ಪಾಲಿಗೆ ಬರುತ್ತದೆ. ಈ ಸಲದ ವಾರ್ಷಿಕ ಕ್ರೀಡಾಕೂಟಕ್ಕೆ ಅಧಿಕಾರಿಗಳನ್ನೋ ಜನಪ್ರತಿನಿಧಿಗಳನ್ನೋ ಕರೆಯುವ ಬದಲು, ಪಕ್ಕದ ಊರಿನ ಬಯಲಿನಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಖೋ ಖೋ ಕಲಿಸುತ್ತಿರುವ ತರಬೇತುದಾರರನ್ನೇ ಮುಖ್ಯ ಅತಿಥಿಯಾಗಿ ಕರೆಯೋಣವೆಂದು ದೈಹಿಕ ಶಿಕ್ಷಕರು ಸೂಚಿಸಿದರು, ಮುಖ್ಯೋಪಾಧ್ಯಾಯರು ಒಪ್ಪಿದರು. ಪರಿಚಯ ಮಾಡಿಕೊಡುವ ಕೆಲಸ ನನಗೆ ಬಂತು. ಒಂದು ನಿಮಿಷ ಮೀರಬಾರದು, ಮಕ್ಕಳು ನಿದ್ದೆಗೆ ಜಾರಬಾರದು ಎಂಬ ಎರಡೇ ಷರತ್ತುಗಳನ್ನು ಪಿ.ಟಿ. ಸರ್ ಹಾಕಿದರು. ಎರಡನೆಯದು ಮೊದಲನೆಯದರಿಂದಲೇ ಬರುವಂಥದ್ದು ಎಂದು ನಾನು ಆಗ ಭಾವಿಸಿದ್ದೆ. ಆದರೆ ಒಂದೇ ನಿಮಿಷದಲ್ಲಿ ನೀರಸವಾಗಿ ಮಾತನಾಡುವುದು ಬಹಳ ಸುಲಭ.

ಶಾಲೆಯ ಬೀರುವಿನಲ್ಲಿ ಹಳೆಯ ಕಾರ್ಯಕ್ರಮಗಳ ನಿರೂಪಣೆಯ ಪುಸ್ತಕವೊಂದಿದೆ. ಹಿಂದಿನ ಅತಿಥಿಗಳ ಪರಿಚಯಗಳನ್ನು ಅದರಲ್ಲಿ ಒಂದೊಂದಾಗಿ ಓದಿದೆ. "ಕ್ರೀಡಾ ಕ್ಷೇತ್ರದಲ್ಲಿ ಅಪಾರವಾದ ಸೇವೆಯನ್ನು ಸಲ್ಲಿಸಿರುವಂತಹ, ಹಲವಾರು ಪ್ರಶಸ್ತಿ ಪುರಸ್ಕಾರಗಳಿಗೆ ಭಾಜನರಾಗಿರುವಂತಹ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾಗಿರುವಂತಹ" ಎಂಬ ಮಾದರಿಯ ವಾಕ್ಯಗಳು ಪುಟ ಪುಟದಲ್ಲೂ ಇದ್ದವು. ಇವು ತಪ್ಪು ವಾಕ್ಯಗಳಲ್ಲ. ಸಭಾಂಗಣದಲ್ಲಿ ಫ್ಯಾನಿನ ಕೆಳಗೆ ಕುಳಿತ ಹಿರಿಯರ ಮುಂದೆ ಹೇಳಿದರೆ ಅವು ಹೇಗೋ ನಡೆದುಬಿಡುತ್ತವೆ. ಬಯಲಿನಲ್ಲಿ ನಡೆಯುವುದಿಲ್ಲ. "ರುವಂತಹ" ಎಂದು ಒಂದರ ಹಿಂದೆ ಒಂದು ಕೊಂಡಿ ಹಾಕುತ್ತ ಹೋದಾಗ ಹೇಳಬೇಕಾದ ಸಂಗತಿ ವಾಕ್ಯದ ಕೊನೆಗೆ ಸರಿಯುತ್ತದೆ, ಅದು ಬರುವಷ್ಟರಲ್ಲಿ ಬಿಸಿಲಿನಲ್ಲಿ ನಿಂತ ಎಂಟನೇ ತರಗತಿಯ ಹುಡುಗ ಪಕ್ಕದವನ ಕಾಲು ತುಳಿಯಲು ಆರಂಭಿಸಿರುತ್ತಾನೆ. ಅಲ್ಲದೆ ಆ ವಾಕ್ಯಗಳಲ್ಲಿ ಅತಿಥಿಯ ಹೆಸರನ್ನು ಅಳಿಸಿ ಬೇರೊಬ್ಬರ ಹೆಸರು ಬರೆದರೂ ಏನೂ ಕೆಡುವುದಿಲ್ಲ. ತಹಶೀಲ್ದಾರರಿಗೂ ಸಲ್ಲುವ ಮಾತು ಕೋಚ್‌ಗೂ ಸಂದರೆ ಅದು ಪರಿಚಯವೇ ಅಲ್ಲ.

ತರಬೇತುದಾರರಿಗೆ ಫೋನ್ ಮಾಡಿ ಸ್ವವಿವರ ಕಳಿಸಲು ಕೇಳಿದೆ. ವಾಟ್ಸಾಪ್‌ನಲ್ಲಿ ಒಂದು ಪುಟ ಬಂತು. ಹುಟ್ಟಿದ ದಿನಾಂಕ, ವಿದ್ಯಾಭ್ಯಾಸ, "ರಾಷ್ಟ್ರಮಟ್ಟದ ಆಟಗಾರ", "ಎನ್‌ಐಎಸ್ ತರಬೇತಿ", ಆಮೇಲೆ ಸನ್ಮಾನಗಳ ಪಟ್ಟಿ. ಅದನ್ನು ಹಾಗೆಯೇ ಓದಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕ್ರೀಡಾಪಟುವಿನ ಪರಿಚಯಕ್ಕೂ ತರಬೇತುದಾರರ ಪರಿಚಯಕ್ಕೂ ಒಂದು ವ್ಯತ್ಯಾಸವಿದೆ. ಓಟಗಾರ್ತಿಯೊಬ್ಬಳನ್ನು ಪರಿಚಯಿಸುವಾಗ ಅವಳ ಪದಕವನ್ನೋ ಸಮಯವನ್ನೋ ಹೇಳಿದರೆ ಸಾಕು. ಕೋಚ್ ಮಾಡಿದ ಕೆಲಸ ಕಾಣುವುದು ಬೇರೆಯವರ ಮೈಯಲ್ಲಿ, ಅವರು ಕಲಿಸಿದ ಮಕ್ಕಳು ಏಳುವ, ತಿರುಗುವ, ನಿಲ್ಲುವ ರೀತಿಯಲ್ಲಿ. ಅದು ಸ್ವವಿವರದ ಹಾಳೆಗೆ ಬರುವುದಿಲ್ಲ. ಪಿ.ಟಿ. ಉಷಾ ಅವರ ಹೆಸರು ಗೊತ್ತಿರುವ ಎಷ್ಟು ಮಕ್ಕಳಿಗೆ ಅವರ ಗುರು ಒ.ಎಂ. ನಂಬಿಯಾರ್ ಅವರ ಹೆಸರು ಗೊತ್ತು? ದ್ರೋಣಾಚಾರ್ಯ ಪ್ರಶಸ್ತಿ ಶುರುವಾದ 1985ರಲ್ಲೇ ಅದನ್ನು ಪಡೆದವರ ಸ್ಥಿತಿ ಇದಾದರೆ, ಹಳ್ಳಿಯ ಬಯಲಿನ ಕೋಚ್ ಬಗ್ಗೆ ಕೇಳುವುದೇ ಬೇಡ. ಆದ್ದರಿಂದ ಅವರು ಕಲಿಸುವುದನ್ನು ಕಣ್ಣಾರೆ ನೋಡಿಬಂದೇ ಬರೆಯುವುದೆಂದು ತೀರ್ಮಾನಿಸಿದೆ.

ಬೆಳಗಿನ ಅಭ್ಯಾಸದ ಹೊತ್ತಿಗೆ ಅಲ್ಲಿಗೆ ಹೋದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಕೋಚ್ ಸೀಟಿ ಊದುತ್ತ ನಿಂತಿರುತ್ತಾರೆ ಎಂದುಕೊಂಡಿದ್ದರೆ, ಅವರು ಅಂಕಣದಲ್ಲಿ ಬಗ್ಗಿ ಕಲ್ಲು ಆರಿಸುತ್ತಿದ್ದರು. ಖೋ ಖೋದಲ್ಲಿ ಮಕ್ಕಳು ಮಣ್ಣಿಗೆ ಹಾರಿ ಬೀಳುತ್ತಾರೆ, ಹೀಗಾಗಿ ಬಟಾಣಿ ಗಾತ್ರದ ಒಂದು ಕಲ್ಲಿದ್ದರೂ ಮೊಣಕಾಲು ಸೀಳುತ್ತದೆ. ಕಲ್ಲು ಆರಿಸಿ, ನೀರು ಚಿಮುಕಿಸಿ, ಎರಡು ತುದಿಯ ಕಂಬಗಳನ್ನು ಅಲುಗಾಡಿಸಿ ಗಟ್ಟಿಯಾಗಿವೆಯೇ ಎಂದು ನೋಡಿದ ಮೇಲೆಯೇ ಅವರು ಮಕ್ಕಳನ್ನು ಒಳಗೆ ಬಿಟ್ಟರು.

ಆಮೇಲೆ ಬಹಳ ಹೊತ್ತು ನಡೆದದ್ದು ಓಟವಲ್ಲ, ಕೂರುವುದು ಮತ್ತು ಏಳುವುದು. ಆಟ ಗೊತ್ತಿಲ್ಲದವರಿಗಾಗಿ ಒಂದು ಮಾತು. ಶಾಲಾ ಪಂದ್ಯಗಳಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಎರಡು ಕಂಬಗಳ ನಡುವಿನ ಸಾಲಿನಲ್ಲಿ ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವರು ಮಾತ್ರ ಓಡುತ್ತಾರೆ. ಓಡುವವರು ಆ ಸಾಲನ್ನು ನಡುವೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಆದ್ದರಿಂದ ಕೂತವರ ಬೆನ್ನು ಮುಟ್ಟಿ "ಖೋ" ಎಂದು ಕೂಗಿ, ಅವರನ್ನು ಎಬ್ಬಿಸಿ, ತಾವು ಅವರ ಜಾಗದಲ್ಲಿ ಕೂರುತ್ತಾರೆ. ಖೋ ಸಿಗುವ ಮುಂಚೆ ಕೂತವರು ಎದ್ದರೆ ಫೌಲ್. ಸಿಕ್ಕಿದ ಮೇಲೆ ಅರೆಕ್ಷಣ ತಡವಾದರೆ ಎದುರಾಳಿ ಕೈಗೆ ಸಿಗುವುದಿಲ್ಲ. ಆ ದಿನ ಅವರು ಹುಡುಗಿಯೊಬ್ಬಳನ್ನು ಮತ್ತೆ ಮತ್ತೆ ಕೂರಿಸಿ ಎಬ್ಬಿಸುತ್ತಿದ್ದರು. ಅವಳು ಏಳುವಾಗ ಅವರು ಅವಳ ಮುಖವನ್ನಾಗಲಿ ಓಡುವವರನ್ನಾಗಲಿ ನೋಡುತ್ತಿರಲಿಲ್ಲ, ಅವಳ ಹಿಂಗಾಲಿನ ಬೆರಳುಗಳನ್ನು ನೋಡುತ್ತಿದ್ದರು. "ಕಿವಿಗಿಂತ ಮುಂಚೆ ಕಾಲು ಎದ್ದಿತು ಕಣಮ್ಮ, ಕೂತ್ಕೋ" ಎಂದರು. ಇನ್ನೊಮ್ಮೆ ಅವಳು ತಡ ಮಾಡಿದಾಗ "ಖೋ ಬಂದ ಮೇಲೂ ಯೋಚನೆ ಮಾಡ್ತಾ ಕೂತ್ರೆ ಅದು ಆಟ ಅಲ್ಲ, ಪರೀಕ್ಷೆ" ಎಂದು ನಕ್ಕರು.

ನನಗೆ ಬೇಕಾದ ಸಾಲು ಅಲ್ಲಿ ಸಿಕ್ಕಿತು. ಕರೆ ಬರುವ ತನಕ ಕದಲಬೇಡ, ಕರೆ ಬಂದ ಮೇಲೆ ನಿಲ್ಲಬೇಡ. ಇದನ್ನು ನಾನು ಕಟ್ಟಿದ್ದು ಎನ್ನುವುದಕ್ಕಿಂತ ಅವರು ಹೇಳಿದ್ದನ್ನೇ ಬಯಲಿನಲ್ಲಿ ಕೂಗಿ ಹೇಳಲು ಬರುವಂತೆ ಜೋಡಿಸಿದ್ದು ಎನ್ನಬೇಕು. ಮಕ್ಕಳ ಎದುರು ಕೋಚ್ ಒಬ್ಬರನ್ನು ಪರಿಚಯಿಸಲು ಅವರು ದಿನವೂ ಹೇಳುವ ಮಾತಿಗಿಂತ ಒಳ್ಳೆಯ ಸಾಮಗ್ರಿ ಇಲ್ಲವೆಂದು ನನಗನ್ನಿಸಿತು. ಅದರಲ್ಲಿ ಹೊಗಳಿಕೆ ಇಲ್ಲ, ಆದರೂ ಆ ವ್ಯಕ್ತಿ ಏನು ಮಾಡುತ್ತಾರೆ ಎಂಬುದು ಪೂರ್ತಿ ಇದೆ.

ಅಭ್ಯಾಸ ಮುಗಿದ ಮೇಲೆ ಚಹಾ ಕುಡಿಯುತ್ತ ಸ್ವವಿವರದ ಒಂದೊಂದು ಅಂಶವನ್ನೂ ಕೇಳಿ ಬಿಡಿಸಿಕೊಂಡೆ. ಇದಕ್ಕೆ ಸ್ವಲ್ಪ ಸಂಕೋಚ ಬಿಡಬೇಕಾಗುತ್ತದೆ, ಏಕೆಂದರೆ ಅತಿಥಿಯನ್ನು ಪ್ರಶ್ನಿಸಿದಂತೆ ಕಾಣುತ್ತದೆ. ಆದರೆ "ರಾಷ್ಟ್ರಮಟ್ಟದ ಆಟಗಾರ" ಎಂಬ ಒಂದೇ ಪದಗುಚ್ಛದಲ್ಲಿ ಎಷ್ಟೋ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಭಾರತ ತಂಡದಲ್ಲಿ ಆಡಿದವರನ್ನೂ ಹಾಗೆನ್ನುತ್ತಾರೆ, ಕರ್ನಾಟಕದ ಪರವಾಗಿ ರಾಷ್ಟ್ರೀಯ ಪಂದ್ಯಾವಳಿಗೆ ಹೋದವರನ್ನೂ ಹಾಗೆನ್ನುತ್ತಾರೆ. ರಾಷ್ಟ್ರೀಯ ಪಂದ್ಯಾವಳಿಯಲ್ಲೂ ಖೋ ಖೋ ಫೆಡರೇಷನ್ ನಡೆಸುವ ಜೂನಿಯರ್, ಸೀನಿಯರ್ ಕೂಟಗಳು ಬೇರೆ, ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ನಡೆಸುವ ಶಾಲಾ ಮಕ್ಕಳ ಕೂಟ ಬೇರೆ. ಇವರು ಆಡಿದ್ದು ಜೂನಿಯರ್ ರಾಷ್ಟ್ರೀಯ ಪಂದ್ಯಾವಳಿ, ಕರ್ನಾಟಕದ ಪರವಾಗಿ. ಹಾಗೆಂದು ನೇರವಾಗಿ ಹೇಳಿದರೆ ಅದೇನೂ ಸಣ್ಣದಾಗಿ ಕೇಳಿಸುವುದಿಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ ದಾಟುವುದು ಎಂಥ ಕಷ್ಟವೆಂದು ಬಲ್ಲ ಮಕ್ಕಳಿಗೆ ಅದು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಎನ್‌ಐಎಸ್ ವಿಷಯವೂ ಹೀಗೆಯೇ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ವರ್ಷಾವಧಿಯ ಡಿಪ್ಲೊಮಾ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಇವರು ಮಾಡಿದ್ದು ಎರಡನೆಯದು. ಉತ್ಸಾಹದಲ್ಲಿ ಡಿಪ್ಲೊಮಾ ಎಂದುಬಿಟ್ಟರೆ ಮೈದಾನದಲ್ಲಿ ಕುಳಿತ ಇತರ ಶಾಲೆಗಳ ದೈಹಿಕ ಶಿಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ, ಮುಜುಗರ ಪಡುವವರು ಅತಿಥಿಗಳು.

ವಿಶ್ವಕಪ್ ವಿಷಯಕ್ಕೆ ನಮ್ಮಲ್ಲಿ ಸ್ವಲ್ಪ ಚರ್ಚೆಯಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಆ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಖೋ ಖೋ ಎಂದರೆ ನಮ್ಮ ಮಕ್ಕಳಿಗೆ ಈಗ ಮೊದಲು ನೆನಪಾಗುವುದು ಅದೇ. ಪರಿಚಯದಲ್ಲಿ ಆ ಹೆಸರು ಬಂದರೆ ಚಪ್ಪಾಳೆ ಗ್ಯಾರಂಟಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು, ಅದು ನಿಜವೂ ಆಗಿತ್ತು. ಕೋಚ್ ಅವರನ್ನು ಕೇಳಿದಾಗ ಮಾತ್ರ ಅವರು ತಲೆಯಾಡಿಸಿದರು. "ಬೇಡಿ ಮೇಡಂ, ಆ ಹುಡುಗಿಯ ಗುರುಗಳು ಬೇರೆ ಇದ್ದಾರೆ. ನನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರು ಹೇಳಿದರೆ ಮಕ್ಕಳು ನಾನೇ ಕಲಿಸಿದ್ದು ಅಂತ ತಿಳ್ಕೊಳ್ತಾರೆ." ಹಾಗೆಂದು ಸುಳ್ಳು ಹೇಳದಿದ್ದರೂ, ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟು ಸುಳ್ಳಿನ ಭಾವನೆ ಹುಟ್ಟಿಸುವುದು ಸಣ್ಣ ಪರಿಚಯಗಳಲ್ಲಿ ತುಂಬ ಸಲೀಸಾಗಿ ಆಗಿಬಿಡುತ್ತದೆ. ಸಾಲು ಚಿಕ್ಕದಾದಷ್ಟೂ ವಿವರಣೆಗೆ ಜಾಗವಿರುವುದಿಲ್ಲವಲ್ಲ. ವಿಶ್ವಕಪ್ಪಿನ ಮಾತನ್ನು ಪರಿಚಯದಿಂದ ತೆಗೆದು, ಮಧ್ಯಾಹ್ನದ ಖೋ ಖೋ ಪಂದ್ಯ ಆರಂಭವಾಗುವ ಮುನ್ನ ಹೇಳುವುದೆಂದು ಇಟ್ಟುಕೊಂಡೆ.

ಅವರಿಂದ ಕಲಿತ ನಮ್ಮ ಶಾಲೆಯ ಹುಡುಗಿಯರು ಹಿಂದಿನ ವರ್ಷ ಜಿಲ್ಲೆ ಗೆದ್ದು ಮೈಸೂರು ವಿಭಾಗ ಮಟ್ಟದಲ್ಲಿ ಆಡಿದ್ದರು. ಇದನ್ನು ಹೇಳಲೇಬೇಕಿತ್ತು, ಏಕೆಂದರೆ ಆ ಹುಡುಗಿಯರು ಎದುರಿಗೇ ನಿಂತಿರುತ್ತಾರೆ ಮತ್ತು ಉಳಿದ ಮಕ್ಕಳು ಅವರನ್ನು ದಿನವೂ ನೋಡುತ್ತಾರೆ. ಅವರ ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಹನ್ನೆರಡು ಹೆಸರು ಓದಲು ಸಮಯವಿಲ್ಲ, ಇಬ್ಬರದು ಹೇಳಿದರೆ ಉಳಿದ ಹತ್ತು ಮುಖಗಳು ಬಾಡುತ್ತವೆ.

ಇಷ್ಟನ್ನು ಇಟ್ಟುಕೊಂಡು ಬರೆಯಲು ಕುಳಿತಾಗ ನನಗೆ ಹೆಚ್ಚು ಸಹಾಯ ಮಾಡಿದವರು ಮೈಕ್‌ಸೆಟ್ಟಿನವರು. ನಮ್ಮ ಮೈದಾನಕ್ಕೆ ಎರಡು ಹಾರ್ನ್ ಕಟ್ಟುತ್ತಾರೆ, ಒಂದು ವೇದಿಕೆಯ ಪಕ್ಕದಲ್ಲಿ, ಇನ್ನೊಂದು ಎದುರು ತುದಿಯ ಬೇವಿನ ಮರಕ್ಕೆ. ನಡುವೆ ನೂರು ಮೀಟರ್‌ನಷ್ಟು ಅಂತರ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ವೇದಿಕೆಯ ಹತ್ತಿರ ನಿಂತ ಮಗುವಿಗೆ ಬೇವಿನ ಮರದ ಹಾರ್ನಿನ ಮಾತು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಬಂದು ತಲುಪುತ್ತದೆ. ಅಷ್ಟರಲ್ಲಿ ನಾನು ಮುಂದಿನ ಒಂದೆರಡು ಅಕ್ಷರ ಹೇಳಿಯಾಗಿರುತ್ತದೆ. ಇದರ ಮೇಲೆ ಶಾಲಾ ಕಟ್ಟಡದ ಗೋಡೆಗೆ ಬಡಿದು ಹಿಂದಿರುಗುವ ಪ್ರತಿಧ್ವನಿ ಬೇರೆ. ನಿಲ್ಲಿಸದೆ ಮಾತನಾಡಿದರೆ ಮಾತಿನ ಮೇಲೆ ಮಾತು ಬಿದ್ದು ಗದ್ದಲವಾಗುತ್ತದೆ. ಜೋರಾಗಿ ಮಾತನಾಡಿದರೆ ಗದ್ದಲವೂ ಜೋರಾಗುತ್ತದೆ, ಅಷ್ಟೇ. ಇದಕ್ಕೆ ಇರುವ ಉಪಾಯ ಒಂದೇ: ಸಾಲು ಚಿಕ್ಕದಿರಬೇಕು, ಸಾಲಿನ ಕೊನೆಗೆ ಒಂದು ಉಸಿರಿನಷ್ಟು ನಿಲ್ಲಬೇಕು. ಮೈಕ್ ಜೋಡಿಸುವ ಹುಡುಗ ಹೇಳಿದ ಇನ್ನೊಂದು ಮಾತೂ ಉಪಯೋಗಕ್ಕೆ ಬಂತು. ಹಾರ್ನಿನಲ್ಲಿ ಒತ್ತಕ್ಷರಗಳ ಗುಂಪು ಒಡೆದು ಕೇಳುತ್ತದೆಯಂತೆ. ನಾನೇ ಮೈದಾನದ ಆಚೆ ತುದಿಗೆ ಹೋಗಿ ನಿಂತು, ಸಹೋದ್ಯೋಗಿಯೊಬ್ಬರಿಂದ ಓದಿಸಿ ಕೇಳಿದೆ. "ಅತ್ಯುತ್ಕೃಷ್ಟ" ಎಂಬುದು ಬರೀ ಕೆಮ್ಮಿನ ಹಾಗೆ ಬಂತು, "ಕಲ್ಲು ಆರಿಸುತ್ತಾರೆ" ಎಂಬುದು ಒಂದಕ್ಷರ ಬಿಡದಂತೆ ಬಂತು.

ಕೊನೆಗೆ ಉಳಿದ ಬರಹ ಇದು. ಹೆಸರಿನ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ.

"ಮಕ್ಕಳೇ, ಇವರ ದಿನ ಐದೂವರೆಗೆ ಮೈದಾನದಲ್ಲಿ ಶುರು.
ಮೊದಲು ಕಲ್ಲು ಆರಿಸುತ್ತಾರೆ. ಆಮೇಲೆ ಮಕ್ಕಳನ್ನು ಒಳಗೆ ಬಿಡುತ್ತಾರೆ.
ಓಡುವುದನ್ನು ಎಲ್ಲರೂ ಕಲಿಸುತ್ತಾರೆ. ಇವರು ಏಳುವುದನ್ನು ಕಲಿಸುತ್ತಾರೆ.
ಕರೆ ಬರುವ ತನಕ ಕದಲಬೇಡ ಎನ್ನುತ್ತಾರೆ.
ಕರೆ ಬಂದ ಮೇಲೆ ನಿಲ್ಲಬೇಡ ಎನ್ನುತ್ತಾರೆ.
ಕರ್ನಾಟಕದ ಪರವಾಗಿ ಜೂನಿಯರ್ ರಾಷ್ಟ್ರೀಯ ಪಂದ್ಯ ಆಡಿ ಬಂದವರು.
ಪಟಿಯಾಲಕ್ಕೆ ಹೋಗಿ ಕಲಿಸುವುದನ್ನು ಕಲಿತು ಬಂದವರು.
ನಮ್ಮ ಹುಡುಗಿಯರನ್ನು ಮೈಸೂರು ವಿಭಾಗಕ್ಕೆ ಮುಟ್ಟಿಸಿದವರು.
ಇವರ ಆಟ ಯಾವುದು? ನೀವೇ ಕೂಗಿ ಹೇಳಿ!
ಇಂದಿನ ಮುಖ್ಯ ಅತಿಥಿ, ನಮ್ಮ ಖೋ ಖೋ ಗುರುಗಳು, ಶ್ರೀ…"

ಇದನ್ನು ಮನೆಯಲ್ಲಿ ಓದಿದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಮೈದಾನದಲ್ಲಿ, ಪ್ರತಿ ಸಾಲಿಗೂ ನಿಂತು, ಮಕ್ಕಳ ಕೂಗಿಗೂ ಜಾಗ ಬಿಟ್ಟು ಓದಿದರೆ ಒಂದು ನಿಮಿಷಕ್ಕೆ ಹತ್ತಿರವಾಗುತ್ತದೆ. ಕಲ್ಲಿನ ಸಾಲನ್ನು ಮೊದಲಿಗೆ ಇಡುವುದರ ಬಗ್ಗೆ ಸಹೋದ್ಯೋಗಿಗಳಿಗೆ ಅನುಮಾನವಿತ್ತು. ಮುಖ್ಯ ಅತಿಥಿಯನ್ನು ಕಲ್ಲು ಆರಿಸುವವರೆಂದು ಪರಿಚಯಿಸುವುದು ಅಗೌರವವಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ನನಗೆ ಹಾಗನ್ನಿಸಲಿಲ್ಲ. ಆದರೂ ಬರಹವನ್ನು ಕೋಚ್ ಅವರಿಗೆ ಮುಂಚಿತವಾಗಿ ಫೋನಿನಲ್ಲಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು "ಐದೂವರೆ ಅಲ್ಲ, ಚಳಿಗಾಲದಲ್ಲಿ ಆರು ಗಂಟೆ" ಎಂದರು. ಕಲ್ಲಿನ ಬಗ್ಗೆ ಏನೂ ಹೇಳಲಿಲ್ಲ. ಕ್ರೀಡಾಕೂಟ ಡಿಸೆಂಬರ್‌ನಲ್ಲಿದ್ದುದರಿಂದ ಆರು ಗಂಟೆ ಎಂದೇ ತಿದ್ದಿದೆ. ಇಂಥ ಸಣ್ಣ ತಪ್ಪನ್ನು ಅವರ ಶಿಷ್ಯರು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಆಮೇಲೆ ಯಾವ ಸಾಲಿಗೂ ಬೆಲೆ ಇರುವುದಿಲ್ಲ.

ಹೆಸರು ಕೊನೆಗೆ ಬರಬೇಕೆಂಬ ನನ್ನ ಹಟಕ್ಕೆ ನಿಜವಾದ ತೊಡಕು ಬಂದದ್ದು ಕಾರ್ಯಕ್ರಮದ ಕ್ರಮದಿಂದ. ನಮ್ಮಲ್ಲಿ ನಾಡಗೀತೆಯ ನಂತರ ಸ್ವಾಗತ ಭಾಷಣ. ಅದರಲ್ಲಿ ಅಧ್ಯಕ್ಷರಿಂದ ಹಿಡಿದು ವೇದಿಕೆಯ ಪ್ರತಿಯೊಬ್ಬರ ಹೆಸರನ್ನೂ ಹೇಳಿ, ಹೂವು ಕೊಟ್ಟು ಬರಮಾಡಿಕೊಳ್ಳುತ್ತಾರೆ. ಆಮೇಲೆ ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞಾ ವಿಧಿ ಮುಗಿದು ಅತಿಥಿಗಳ ಪರಿಚಯ ಬರುತ್ತದೆ. ಅಷ್ಟು ಹೊತ್ತಿಗೆ ಹೆಸರು ಹಲವು ಬಾರಿ ಮೈಕಿನಲ್ಲಿ ಕೇಳಿಯಾಗಿದ್ದರೆ, ಕೊನೆಯ ಸಾಲಿನಲ್ಲಿ ಅದನ್ನು ಏರುದನಿಯಲ್ಲಿ ಹೇಳುವುದು ನಗೆಪಾಟಲಾಗುತ್ತದೆ. ಸ್ವಾಗತ ಭಾಷಣದ ವಿಜ್ಞಾನ ಶಿಕ್ಷಕರ ಜೊತೆ ಕುಳಿತು ಒಂದು ಒಪ್ಪಂದ ಮಾಡಿಕೊಂಡೆ. ಅವರು "ಇಂದಿನ ಮುಖ್ಯ ಅತಿಥಿಗಳನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ, ಅವರ ಪರಿಚಯ ಇನ್ನು ಸ್ವಲ್ಪ ಹೊತ್ತಿನಲ್ಲಿ" ಎಂದಷ್ಟೇ ಹೇಳಿ ಹೂವು ಕೊಡಬೇಕು. ಇದನ್ನು ಕೋಚ್ ಅವರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಮೊದಲೇ ತಿಳಿಸಿಡುವುದು ಅಗತ್ಯವಾಗಿತ್ತು. ಹೆಸರು ಬಿಟ್ಟುಹೋಯಿತೆಂದು ಅತಿಥಿಗೆ ನೋವಾಗಬಾರದು, ಒಬ್ಬ ಅತಿಥಿಗೆ ಮಾತ್ರ ಪ್ರತ್ಯೇಕ ಪರಿಚಯವೇಕೆ ಎಂದು ಅಧ್ಯಕ್ಷರಿಗೂ ಅನ್ನಿಸಬಾರದು. ಅಧ್ಯಕ್ಷರು ತಾವೇ ಚಿಕ್ಕಂದಿನಲ್ಲಿ ಖೋ ಖೋ ಆಡಿದವರಂತೆ, ಖುಷಿಯಿಂದ ಒಪ್ಪಿದರು.

ಮಕ್ಕಳಿಂದ ಕೂಗಿಸುವ ಸಾಲಿನ ಬಗ್ಗೆ ಪಿ.ಟಿ. ಸರ್ ಎಚ್ಚರಿಕೆ ಕೊಟ್ಟರು. ಒಮ್ಮೆ ಕೂಗಲು ಬಿಟ್ಟರೆ ಮಕ್ಕಳು ನಿಲ್ಲಿಸುವುದಿಲ್ಲ, ಹೆಸರು ಆ ಗಲಾಟೆಯಲ್ಲಿ ಮುಳುಗುತ್ತದೆ ಎಂಬುದು ಅವರ ಅನುಭವ. ಹೀಗಾಗಿ ಅವರು ಪರಿಚಯಕ್ಕೆ ಮುನ್ನ ಎಲ್ಲ ತಂಡಗಳನ್ನೂ ವಿಶ್ರಾಮ್ ಸ್ಥಿತಿಗೆ ತರುವುದು, ಕೂಗು ಎದ್ದ ಮೇಲೆ ಒಂದೇ ಒಂದು ಚಿಕ್ಕ ಸೀಟಿ ಹಾಕುವುದು, ಆ ಸೀಟಿಯ ನಂತರವೇ ನಾನು ಹೆಸರು ಹೇಳುವುದು ಎಂದು ಗೊತ್ತುಮಾಡಿಕೊಂಡೆವು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಅಭ್ಯಾಸ ಮಾಡಿಸೋಣವೇ ಎಂಬ ಯೋಚನೆ ಬಂದರೂ ಬಿಟ್ಟೆವು. ಕಲಿಸಿ ಕೂಗಿಸಿದ ಕೂಗು ಪ್ರಾರ್ಥನೆಯ ರಾಗಕ್ಕೆ ಬಂದುಬಿಡುತ್ತದೆ.

ಕ್ರೀಡಾಕೂಟದ ದಿನ ಉದ್ಘಾಟಕರು ಬರುವುದು ತಡವಾಯಿತು. ಅದರಲ್ಲಿ ಹೊಸದೇನಿಲ್ಲ. ಪಥಸಂಚಲನ ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು, ಮುಂದಿನ ಸಾಲಿನ ಹುಡುಗಿಯರು ಕೈಯಿಂದ ಕಣ್ಣಿಗೆ ಮರೆ ಮಾಡಿಕೊಳ್ಳುತ್ತಿದ್ದರು. ನಾನು ಬರಹವನ್ನು ಹಾಳೆಯಲ್ಲಿ ಬರೆಯದೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ, ಸಾಲಿಗೊಂದು ಮಾತಿನಂತೆ ಬರೆದುಕೊಂಡಿದ್ದೆ. ಮೈದಾನದ ಗಾಳಿಗೆ ಹಾಳೆ ಒಂದೇ ಕಡೆ ನಿಲ್ಲುವುದಿಲ್ಲ. ಮೈಕಿನ ಹತ್ತಿರ ನಡೆಯುತ್ತಲೇ ಪಟಿಯಾಲದ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದೆ. ಮಕ್ಕಳ ಮುಖ ನೋಡಿದಾಗ ಒಂದು ಸಾಲು ಕಡಿಮೆ ಮಾಡಲೇಬೇಕೆನಿಸಿತು. ಇದ್ದವುಗಳಲ್ಲಿ ಅವರ ಕಣ್ಣಿಗೆ ಏನನ್ನೂ ಕಟ್ಟಿಕೊಡದ ಸಾಲು ಅದೊಂದೇ ಆಗಿತ್ತು.

ಮೊದಲ ಸಾಲಿಗೆ ಹೆಚ್ಚೇನೂ ಆಗಲಿಲ್ಲ. ಕಲ್ಲಿನ ಸಾಲಿಗೆ ಖೋ ಖೋ ತಂಡದ ಹುಡುಗಿಯರು ತಲೆಯೆತ್ತಿದರು, ಅವರು ನಕ್ಕದ್ದನ್ನು ನೋಡಿ ಪಕ್ಕದ ಸಾಲುಗಳೂ ವೇದಿಕೆಯ ಕಡೆ ತಿರುಗಿದವು. "ಕರೆ ಬರುವ ತನಕ ಕದಲಬೇಡ ಎನ್ನುತ್ತಾರೆ" ಎಂದು ಹೇಳಿ ನಿಂತಾಗ ಮೈದಾನ ಸದ್ದಿಲ್ಲದೆ ಕಾಯಿತು. "ಕರೆ ಬಂದ ಮೇಲೆ ನಿಲ್ಲಬೇಡ ಎನ್ನುತ್ತಾರೆ" ಎಂದಾಗ, ನಾನು ಇನ್ನೂ ಎರಡು ಸಾಲು ಹೇಳಬೇಕಾಗಿರುವಾಗಲೇ, ಹಿಂದಿನಿಂದ ಎಂಟನೇ ತರಗತಿಯ ಹುಡುಗರು "ಖೋ!" ಎಂದು ಕೂಗಿಬಿಟ್ಟರು. ಏನು ಮಾಡುವುದೆಂದು ನಾನು ಕ್ಷಣ ಯೋಚಿಸುವಷ್ಟರಲ್ಲಿ ವೇದಿಕೆಯ ಮೇಲೆ ಕುಳಿತ ಕೋಚ್, ಮೈಕಿಲ್ಲದೆ, ಕೈ ಮೇಲೆತ್ತಿ, "ಫೌಲ್!" ಎಂದರು. ಕರೆ ಬರುವ ಮುಂಚೆ ಎದ್ದರಲ್ಲ. ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ನಗು ತಗ್ಗುವವರೆಗೆ ಕಾದು, ಉಳಿದ ಎರಡು ಸಾಲುಗಳನ್ನು ಸ್ವಲ್ಪ ವೇಗವಾಗಿ ಹೇಳಿ, "ಇವರ ಆಟ ಯಾವುದು? ಈಗ ಹೇಳಿ, ಫೌಲ್ ಇಲ್ಲ!" ಎಂದೆ. ಬಂದ ಕೂಗು ಎಷ್ಟು ಜೋರಾಗಿತ್ತೆಂದರೆ ಪಿ.ಟಿ. ಸರ್ ಹಾಕಿದ ಸೀಟಿ ನನಗೆ ಕೇಳಿಸಲಿಲ್ಲ, ಅವರ ಕೆನ್ನೆ ಉಬ್ಬಿದ್ದನ್ನು ನೋಡಿ ತಿಳಿದುಕೊಂಡೆ. ಕೂಗು ಇಳಿದ ಮೇಲೆ ಹೆಸರು ಹೇಳಿದೆ. ಚಪ್ಪಾಳೆ ಹೊಡೆಯಿರಿ ಎಂದು ಕೇಳಬೇಕಾಗಲಿಲ್ಲ. ಪ್ರತಿ ಕಾರ್ಯಕ್ರಮದಲ್ಲೂ "ಜೋರಾದ ಚಪ್ಪಾಳೆಯ ಮೂಲಕ" ಎಂದು ಬೇಡುವುದು ನಮ್ಮ ನಿರೂಪಕರಿಗೆಲ್ಲ ಅಂಟಿಕೊಂಡ ಅಭ್ಯಾಸ, ಅದನ್ನು ಈ ಸಲ ಬೇಕೆಂದೇ ಬರೆದುಕೊಂಡಿರಲಿಲ್ಲ.

ಆ ಸಣ್ಣ ಪರಿಚಯದಿಂದ ಇನ್ನೊಂದು ಪ್ರಯೋಜನವೂ ಆಯಿತು. ನಾನು ಪ್ರಶಸ್ತಿಗಳನ್ನು ಪಟ್ಟಿ ಮಾಡಿದ್ದರೆ ಅತಿಥಿಗಳು "ಇಷ್ಟೆಲ್ಲ ಹೊಗಳಿಕೆಗೆ ನಾನು ಅರ್ಹನಲ್ಲ" ಎಂದು ಹೇಳಿ ಮಾತು ಆರಂಭಿಸಬೇಕಾಗುತ್ತಿತ್ತು. ಕೋಚ್ ಅದರ ಬದಲು ನೇರವಾಗಿ ಆ ಎಂಟನೇ ತರಗತಿಯ ಹುಡುಗರಲ್ಲಿ ಇಬ್ಬರನ್ನು ಮುಂದೆ ಕರೆದು, ವೇದಿಕೆಯ ಎದುರಿನ ಮಣ್ಣಿನಲ್ಲಿ ಕುಕ್ಕುರುಗಾಲಿನಲ್ಲಿ ಕೂರಿಸಿ, ಹಿಂಗಾಲಿನ ಬೆರಳ ಮೇಲೆ ಭಾರ ಹೇಗೆ ಇಡಬೇಕೆಂದು ತೋರಿಸಿದರು. ಕೈ ಊರದೆ ಏಳಲು ಹೋಗಿ ಒಬ್ಬ ಮುಗ್ಗರಿಸಿದ, ಇನ್ನೊಬ್ಬ ಎದ್ದ. ಅವರ ಭಾಷಣ ಎಂದರೆ ಅಷ್ಟೇ, ನನ್ನ ಪರಿಚಯಕ್ಕಿಂತ ಸ್ವಲ್ಪವೇ ಉದ್ದ.

ಬಿಟ್ಟ ವಿವರಗಳು ವ್ಯರ್ಥವಾಗಲಿಲ್ಲ. ಪಟಿಯಾಲದ ಸರ್ಟಿಫಿಕೇಟ್ ಕೋರ್ಸ್, ಆಡಿದ ಪಂದ್ಯಾವಳಿಯ ವರ್ಷ, ಸಂದ ಸನ್ಮಾನಗಳು, ಎಲ್ಲವನ್ನೂ ಸನ್ಮಾನ ಪತ್ರದಲ್ಲಿ ಉದ್ದನೆಯ ವಾಕ್ಯಗಳಲ್ಲಿಯೇ ಬರೆದುಕೊಟ್ಟಿದ್ದೆ. ಅದನ್ನು ಅವರು ಮನೆಗೆ ಒಯ್ದು ನಿಧಾನವಾಗಿ ಓದಿಕೊಳ್ಳಬಹುದು, ಅಲ್ಲಿ "ರುವಂತಹ"ಗಳಿಗೂ ಜಾಗವಿದೆ. ವಂದನಾರ್ಪಣೆ ಮಾಡಿದ ಹಿಂದಿ ಶಿಕ್ಷಕರು ಆ ಪತ್ರವನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಮೈಕಿನಲ್ಲಿ ಓದಿದರು. ಅಷ್ಟು ಹೊತ್ತಿಗೆ ಪಿ.ಟಿ. ಸರ್ ಮಕ್ಕಳನ್ನೆಲ್ಲ ನೂರು ಮೀಟರ್ ಓಟದ ಗೆರೆಯ ಕಡೆ ಕರೆದುಕೊಂಡು ಹೋಗಿದ್ದರು.